ಖಾಲಿ ಸಾಲು ಬಿಡೋ ಮಹನೀಯರಿಗೆ...

ಎಕ್ಸೆಲ್ ಪಟ್ಟಿಯ ಮಧ್ಯೆ ಒಂದು ಸಾಲು ಖಾಲಿ ಬಿಟ್ಟರೆ "ನೋಡೋಕೆ ಚೆನ್ನಾಗಿರತ್ತೆ" ಅನ್ನೋರ ಜೊತೆ ನನ್ನದು ಹಳೇ ಜಗಳ. ಈ ಸಲ ಅದನ್ನ ಬರೆದೇ ಬಿಡೋಣ ಅಂತ ಕೂತಿದ್ದೀನಿ.

ನಮ್ಮ ಮೈಸೂರಿನಲ್ಲಿ ಒಂದು ಗೆಳೆಯರ ಬಳಗದ ಹತ್ರ ರಕ್ತದಾನಿಗಳ ಪಟ್ಟಿ ಇದೆ. ಹೆಸರು, ಫೋನು, ಬಡಾವಣೆ, ರಕ್ತದ ಗುಂಪು, ಕೊನೇ ಸಲ ಕೊಟ್ಟ ದಿನ, ಹೀಗೆ ಐದು ಕಾಲಂ. ಒಟ್ಟು 260 ಜನ. ಮೇಲೆ ಸರಸ್ವತಿಪುರಂ, ಕುವೆಂಪುನಗರದ ಕಡೆಯ 140 ಜನ. ಆಮೇಲೆ 142ನೇ ಸಾಲು ಪೂರ್ತಿ ಖಾಲಿ. ಅದರ ಕೆಳಗೆ ವಿಜಯನಗರ, ಹೆಬ್ಬಾಳದ ಕಡೆಯ 120 ಜನ. ಒಂದು ರಾತ್ರಿ ಯಾರಿಗೋ ಎಬಿ ನೆಗೆಟಿವ್ ಬೇಕಾಯ್ತು. ಪಟ್ಟಿ ನೋಡ್ಕೋತಿದ್ದ ಹುಡುಗ ಫಿಲ್ಟರಿನ ಬಾಣ ಒತ್ತಿ ನೋಡಿದ. ಬಂದ ಗುಂಪುಗಳಲ್ಲಿ AB- ಇರಲೇ ಇಲ್ಲ. "ನಮ್ಮಲ್ಲಿ ಯಾರೂ ಇಲ್ಲ ಸಾರ್" ಅಂತ ಫೋನ್ ಇಟ್ಟ. ಇದ್ದರು ಸ್ವಾಮಿ, ಇಬ್ಬರಿದ್ದರು! 171ನೇ ಸಾಲಲ್ಲಿ ಒಬ್ಬರು, 208ರಲ್ಲಿ ಇನ್ನೊಬ್ಬರು. ಪುಣ್ಯಕ್ಕೆ ಆ ಮನೆಯವರಿಗೆ ಬೇರೆ ಕಡೆ ಸಿಕ್ಕಿತು.

ಆಗಿದ್ದು ಇಷ್ಟೇ. ಪಟ್ಟಿಯ ಒಂದೇ ಒಂದು ಸೆಲ್ ಮೇಲೆ ನಿಂತು Ctrl+Shift+L ಒತ್ತಿದರೆ, ಪಟ್ಟಿ ಎಲ್ಲಿಂದ ಎಲ್ಲಿವರೆಗೆ ಅಂತ ಎಕ್ಸೆಲ್ ತಾನೇ ಊಹಿಸತ್ತೆ. ಸುತ್ತ ಪೂರ್ತಿ ಖಾಲಿ ಸಾಲು, ಖಾಲಿ ಕಾಲಂ ಸಿಗೋ ತನಕ ಹೋಗಿ ಅಲ್ಲಿ ನಿಲ್ಲತ್ತೆ. ಅದರ ಲೆಕ್ಕದಲ್ಲಿ ಈ ಪಟ್ಟಿ 141ನೇ ಸಾಲಿಗೆ ಮುಗೀತು. ಕೆಳಗಿನ 120 ಜನ ಅದಕ್ಕೆ ಬೇರೆ ಪಟ್ಟಿ.

"ಅಷ್ಟೂ ಗೊತ್ತಾಗಲ್ವಾ ಅದಕ್ಕೆ?" ಅಂತ ಬೈಯೋರಿದ್ದಾರೆ. ಹೇಗೆ ಗೊತ್ತಾಗಬೇಕು? ಒಂದೇ ಹಾಳೆಯಲ್ಲಿ ಎರಡು ಬೇರೆ ಪಟ್ಟಿ ಇಡೋರೂ ನಡುವೆ ಬಿಡೋದು ಇದೇ ಖಾಲಿ ಸಾಲನ್ನೇ. ಆದರೆ ತುಟಿ ಬಿಚ್ಚದೆ ಅರ್ಧಕ್ಕೆ ನಿಲ್ಲೋದು ಎಕ್ಸೆಲ್ಲಿನದೂ ತಪ್ಪೇ, ಅದನ್ನ ಒಪ್ಪುತ್ತೀನಿ.

ಇನ್ನು ಕೆಲವರ ವಾದ: "ನನ್ನ ಪಟ್ಟಿಯಲ್ಲೂ ಖಾಲಿ ಸಾಲಿದೆ, ಫಿಲ್ಟರ್ ಸರಿಯಾಗೇ ಇದೆ." ಹಾಗಿದ್ದರೆ ಆ ಸಾಲಿನ ಯಾವುದೋ ಸೆಲ್ಲಿನಲ್ಲಿ ಒಂದು ಸ್ಪೇಸ್ ಕೂತಿರಬಹುದು. ಕಣ್ಣಿಗೆ ಖಾಲಿ, ಎಕ್ಸೆಲ್ಲಿಗೆ ಅಲ್ಲ. ಯಾರಾದರೂ ಆ ಸ್ಪೇಸ್ ಅಳಿಸಿ, ಫಿಲ್ಟರ್ ತೆಗೆದು ಮತ್ತೆ ಹಾಕಿದ ದಿನ ನಿಮ್ಮ ಪಟ್ಟಿಯೂ ಎರಡು ತುಂಡು.

ಪತ್ತೆ ಹಚ್ಚೋದು ಸುಲಭ. ಪಟ್ಟಿಯಿಂದ ದೂರ ಯಾವುದಾದರೂ ಸೆಲ್ಲಿನಲ್ಲಿ ಇವನ್ನ ಹಾಕಿ (ಹೆಸರು A, ಗುಂಪು D ಕಾಲಂ):

```
=COUNTA(A:A)-1
=COUNTIF(D:D,"AB-")
```

ಮೊದಲನೆಯದು 260 ಅನ್ನತ್ತೆ, ಎರಡನೆಯದು 2. ಇವು ಪೂರ್ತಿ ಕಾಲಂ ನೋಡುತ್ತವೆ, ಖಾಲಿ ಸಾಲಿಗೆ ಸೊಪ್ಪು ಹಾಕಲ್ಲ. ಈಗ ಯಾವುದೋ ಗುಂಪಿಗೆ ಫಿಲ್ಟರ್ ಹಾಕಿ ಕೆಳಗಿನ ಪಟ್ಟಿ ನೋಡಿ. "5 of 140 records found" ಅಂತಿದ್ದರೆ ಮುಖ್ಯವಾದದ್ದು 5 ಅಲ್ಲ, ಆ 140. ಇನ್ನೊಂದು ಗುರುತು: ಫಿಲ್ಟರಿಗೆ ಒಳಪಟ್ಟ ಸಾಲುಗಳ ನಂಬರು ನೀಲಿಯಾಗತ್ತೆ. 143ರಿಂದ ಕೆಳಗೆ ನಂಬರು ಕಪ್ಪಾಗೇ ಇದ್ದು ಎಲ್ಲಾ ಗುಂಪಿನವರೂ ಕಾಣ್ತಿದ್ದರೆ, ಅವರು ಸೋಸಿ ಉಳಿದವರಲ್ಲ, ಸೋಸದೇ ಬಿಟ್ಟವರು.

ತುರ್ತಿಗೆ ಒಂದು ದಾರಿ ಇದೆ. ಫಿಲ್ಟರ್ ತೆಗೆಯಿರಿ, A ಇಂದ E ವರೆಗೆ ಪೂರ್ತಿ ಕಾಲಂಗಳನ್ನ ಸೆಲೆಕ್ಟ್ ಮಾಡಿ, ಮತ್ತೆ Ctrl+Shift+L ಒತ್ತಿ. ಈಗ ಊಹೆಗೆ ಜಾಗ ಇಲ್ಲ. ಬಾಣದ ಪಟ್ಟಿಯ ತುದಿಯಲ್ಲಿ (Blanks) ಬಂದರೆ ಆ ಖಾಲಿ ಸಾಲೂ ಒಳಗೆ ಸೇರಿತು ಅಂತ ಅರ್ಥ.

ಆದರೆ ಪಟ್ಟಿ ನೋಡೋ ಪ್ರತಿಯೊಬ್ಬರೂ ಪ್ರತಿ ಸಲ ಇದನ್ನ ನೆನಪಿಟ್ಟುಕೊಳ್ಳಬೇಕು ಅನ್ನೋದು ಯಾವ ನ್ಯಾಯ? 142ನೇ ಸಾಲನ್ನ ಅಳಿಸಿ, ಫಿಲ್ಟರ್ ಹೊಸದಾಗಿ ಹಾಕಿ, ಮುಗೀತು. ಒಟ್ಟಿಗೆ ಅಳಿಸೋ ಆಸೆಗೆ ಖಾಲಿ ಸೆಲ್ಲುಗಳನ್ನೆಲ್ಲ ಆರಿಸಿ ಸಾಲುಗಳನ್ನ ಕಿತ್ತುಹಾಕಬೇಡಿ. ಇನ್ನೂ ಒಮ್ಮೆಯೂ ರಕ್ತ ಕೊಡದೆ ದಿನಾಂಕ ಖಾಲಿ ಇರೋ ದಾನಿಯೂ ಜೊತೆಗೇ ಹೋಗ್ತಾನೆ! ಅಂದ ಬೇಕೇ ಬೇಕಾ? 'ವಿಜಯನಗರ' ಶುರುವಾಗೋ ಸಾಲಿನ ಎತ್ತರ ಹೆಚ್ಚಿಸಿ, ಮೇಲೊಂದು ಗೆರೆ ಎಳೀರಿ.

ಬಡಾವಣೆ ಯಾವುದು ಅಂತ ಹೇಳೋಕೆ ಆ ಕಾಲಂ ಮೊದಲೇ ಇತ್ತಲ್ಲ? ಮತ್ತೆ ಆ ಖಾಲಿ ಸಾಲು ಹೇಳ್ತಿದ್ದ ಹೊಸ ವಿಷಯ ಯಾವುದು? ಏನೂ ಇಲ್ಲ. ಏನೂ ಹೇಳದ ಒಂದು ಸಾಲು 120 ಜನರನ್ನ ಬಚ್ಚಿಡ್ತು. ಇದನ್ನೂ ಅಂದ ಅನ್ನೋರು ಕೆಳಗೆ ಕಾಮೆಂಟಿಸಿ, ಜಗಳಕ್ಕೆ ನಾನು ತಯಾರು :)