ಹಾರ್ಡ್ ಡಿಸ್ಕ್ ಸದ್ದು ಮಾಡಿದರೆ ಮೊದಲು ನಕಲು, ಆಮೇಲೆ ತಪಾಸಣೆ

ಲೇತಿನ ಬೇರಿಂಗ್ ಸವೆದಿದೆಯೆ, ಕಂಪ್ರೆಸರಿನ ವಾಲ್ವ್ ಕೆಟ್ಟಿದೆಯೆ ಎಂಬುದನ್ನು ಶೆಡ್ಡಿನ ಬಾಗಿಲಲ್ಲಿ ನಿಂತು, ಸದ್ದು ಕೇಳಿಯೇ ಹೇಳಬಲ್ಲ ಮಾಲೀಕರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಅವರದೇ ಕಛೇರಿಯ ಮೇಜಿನ ಕೆಳಗಿರುವ ಕಂಪ್ಯೂಟರ್ 'ಟಕ್ ಟಕ್' ಎಂದರೆ, ಫ್ಯಾನಿಗೆ ಧೂಳು ಹಿಡಿದಿರಬೇಕೆಂದು ಸುಮ್ಮನಾಗುತ್ತಾರೆ. ಹದಿನೈದು ದಿನ ಕಳೆದ ಮೇಲೆ ತಂತ್ರಜ್ಞನನ್ನು ಕರೆಯುತ್ತಾರೆ. ಆತ ಬಂದು ಡಿಸ್ಕನ್ನು 'ಚೆಕ್' ಮಾಡುತ್ತಾನೆ. ಚೆಕ್ ಮಾಡಿದ ನಂತರ ನಕಲು ಮಾಡಿಕೊಳ್ಳೋಣ ಎಂದು ಎಲ್ಲರೂ ಕಾಯುತ್ತಾರೆ. ಈ ಕ್ರಮವೇ ತಲೆಕೆಳಗಾದುದು ಎಂಬುದು ನನ್ನ ಅಭಿಪ್ರಾಯ. ಏಕೆಂಬುದನ್ನು ತಿಳಿಯಲು ಆ ಸದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಹಾರ್ಡ್ ಡಿಸ್ಕಿನ ಡಬ್ಬಿಯೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ಮೇಜಿನ ಕಂಪ್ಯೂಟರಿನಲ್ಲಿ ಇವು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಲ್ಯಾಪ್‌ಟಾಪಿನಲ್ಲಿ ಬಹುಮಟ್ಟಿಗೆ 5400. ತಟ್ಟೆಯ ಮೇಲೆ ಒಂದು ತೋಳು ಓಡಾಡುತ್ತದೆ, ಅದರ ತುದಿಯಲ್ಲಿ ಓದುವ ಮತ್ತು ಬರೆಯುವ ಹೆಡ್ ಇರುತ್ತದೆ. ಈ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ಗಾಳಿಯ ತೆಳುಪದರದ ಮೇಲೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಇದಕ್ಕಿಂತ ದೊಡ್ಡದು.

ತಟ್ಟೆಯ ಮೇಲೆ ಕಾರ್ಖಾನೆಯಲ್ಲಿಯೇ ಬರೆದಿಟ್ಟ ಸ್ಥಾನಸೂಚಕ ಗುರುತುಗಳಿರುತ್ತವೆ. ರಸ್ತೆಯ ಬದಿಯ ಮೈಲುಗಲ್ಲುಗಳಂತೆ ಇವುಗಳನ್ನು ಓದುತ್ತಲೇ ತೋಳು ತಾನು ಎಲ್ಲಿದ್ದೇನೆಂದು ತಿಳಿಯುತ್ತದೆ. ಹೆಡ್ ದುರ್ಬಲವಾಗಿ, ಅಥವಾ ತಟ್ಟೆಯ ಆ ಭಾಗ ಕೆಟ್ಟು, ಅಥವಾ ವಿದ್ಯುತ್ ಸಾಲದೆ ಈ ಗುರುತುಗಳು ಓದಲು ಬಾರದಿದ್ದರೆ, ಡಿಸ್ಕಿನ ನಿಯಂತ್ರಕವು ತೋಳನ್ನು ಮೊದಲಿನ ಜಾಗಕ್ಕೆ ಹಿಂದೆ ಎಳೆದು ಮತ್ತೊಮ್ಮೆ ಹೊರಡಿಸುತ್ತದೆ. ತೋಳು ತಡೆಗೆ ಬಡಿದಾಗ ಕೇಳುವುದೇ ಆ 'ಟಕ್'. ಪ್ರತಿ ಟಕ್ ಎಂದರೆ ದಾರಿ ತಪ್ಪಿದ ತೋಳು ಮತ್ತೆ ಮೊದಲಿನಿಂದ ಹುಡುಕತೊಡಗಿದೆ ಎಂದು ಅರ್ಥ.

ಕೆರೆಯುವ, ಉಜ್ಜುವ ಸದ್ದಿನ ಕಥೆ ಬೇರೆ. ಅಲ್ಲಿ ಹೆಡ್ ತಟ್ಟೆಯನ್ನು ಮುಟ್ಟಿರುವ ಸಂಭವವೇ ಹೆಚ್ಚು. ನಮ್ಮ ಲೆಕ್ಕಪತ್ರ ಬರೆದಿರುವುದು ತಟ್ಟೆಯ ಮೇಲಿನ ಅತಿ ತೆಳುವಾದ ಕಾಂತೀಯ ಲೇಪದಲ್ಲಿ. ಹೆಡ್ ಅದನ್ನು ಕೆರೆದು ತೆಗೆದರೆ, ಕೆರೆದ ಪುಡಿ ಡಬ್ಬಿಯೊಳಗೇ ಹಾರಾಡಿ ಉಳಿದ ಭಾಗಗಳಿಗೂ ಹಾನಿ ಮಾಡುತ್ತದೆ. ಲೇಪ ಹೋದ ಜಾಗದಲ್ಲಿದ್ದುದನ್ನು ಯಾವ ಪ್ರಯೋಗಾಲಯವೂ ಮರಳಿ ತರಲಾರದು.

ಎಲ್ಲ ಸದ್ದೂ ರೋಗದ ಲಕ್ಷಣವಲ್ಲ ಎಂಬುದನ್ನೂ ಹೇಳಬೇಕು. ಕಂಪ್ಯೂಟರ್ ಆರಿಸುವಾಗ ಕೇಳುವ ಒಂದು ಟಕ್, ಹೆಡ್ ತನ್ನ ಜಾಗಕ್ಕೆ ಮರಳಿದ ಸದ್ದು. ದೊಡ್ಡ ಫೈಲು ತೆರೆಯುವಾಗಿನ ಮೆಲ್ಲನೆಯ ಚಟಪಟವೂ ಸಹಜವೇ. ಕೇಬಿನೆಟ್ಟಿನೊಳಗೆ ವಯರೊಂದು ಫ್ಯಾನಿಗೆ ತಗುಲಿ ಗರಗರ ಎನ್ನುವುದೂ ಉಂಟು. ಆದರೆ ಆ ಸದ್ದು ಎಡೆಬಿಡದೆ ಇರುತ್ತದೆ, ಫೈಲು ತೆರೆದರೂ ತೆರೆಯದಿದ್ದರೂ ಬದಲಾಗುವುದಿಲ್ಲ. ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸುವ ಪುಟ್ಟ ಡಿಸ್ಕಿಗೆ ಕೇಬಲ್ ಸವೆದು ವಿದ್ಯುತ್ ಸಾಲದೆ ಹೋದರೂ ಟಕ್ ಟಕ್ ಎನ್ನುತ್ತದೆ. ಅಂಥಲ್ಲಿ ಬೇರೆ ಕೇಬಲ್, ಬೇರೆ ಪೋರ್ಟ್ ಒಮ್ಮೆ ಹಾಕಿ ನೋಡಬಹುದು. ಒಮ್ಮೆ ಮಾತ್ರ. ಹತ್ತು ಸಲ ಕಿತ್ತು ಹತ್ತು ಸಲ ಚುಚ್ಚುವುದು ಪರೀಕ್ಷೆಯಲ್ಲ.

ಇನ್ನು ನಾನೇ ಕಂಡ ಒಂದು ಪ್ರಸಂಗ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನ ಮಿತ್ರರೊಬ್ಬರು ಎರಕದ ಬಿಡಿಭಾಗಗಳನ್ನು ಸಿಎನ್‌ಸಿ ಯಂತ್ರದಲ್ಲಿ ಕಡೆದು ಕೊಡುವ ಘಟಕ ನಡೆಸುತ್ತಾರೆ. 2019ರ ಫೆಬ್ರವರಿಯಲ್ಲಿ ಅವರ ಲೆಕ್ಕದ ಗುಮಾಸ್ತ, "ಸರ, ಲೆಡ್ಜರ್ ತೆರೆದಾಗೊಮ್ಮೆ ಸಿಸ್ಟಮ್ ಒಳಗ ಟಕ್ ಟಕ್ ಅನ್ನಾಕತ್ತೈತ್ರಿ" ಎಂದ. "ಫ್ಯಾನ್ ಇರಬೇಕು, ಮಾರ್ಚ್ ಒಂದ್ ಮುಗೀಲಿ, ನೋಡೋಣು" ಎಂದರು ಇವರು. ವರ್ಷಾಂತ್ಯದ ಗಡಿಬಿಡಿಯಲ್ಲಿ ನಾವೆಲ್ಲರೂ ಹೇಳುವ ಮಾತೇ ಅದು. ಆ ದಿನ 500 ಜಿಬಿಯ ಡಿಸ್ಕ್ ಇನ್ನೂ ಎಲ್ಲ ಫೈಲುಗಳನ್ನೂ ತೆರೆಯುತ್ತಿತ್ತು. ಟ್ಯಾಲಿಯ ಡೇಟಾ ಫೋಲ್ಡರ್, ಸಿಎನ್‌ಸಿ ಪ್ರೋಗ್ರಾಮುಗಳು, ಗಿರಾಕಿಗಳ ಡ್ರಾಯಿಂಗುಗಳು ಎಲ್ಲ ಸೇರಿದರೂ 20 ಜಿಬಿ ಆಗುತ್ತಿರಲಿಲ್ಲ. ಒಂದು ಸಾಧಾರಣ ಪೆನ್ ಡ್ರೈವಿಗೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಕಲಾಗುವಷ್ಟು.

ಮೂರು ವಾರದ ನಂತರ ಫೈಲುಗಳು ತೆರೆಯಲು ನಿಮಿಷಗಟ್ಟಲೆ ಹಿಡಿಯತೊಡಗಿದವು. ಕರೆಸಿದ ತಂತ್ರಜ್ಞ ಸಂಜೆ `chkdsk /r` ಆದೇಶ ಕೊಟ್ಟು, ಬೆಳಿಗ್ಗೆ ಸರಿಹೋಗುತ್ತದೆಂದು ಹೇಳಿ ಹೋದ. ಇಲ್ಲಿಯೇ ನಮ್ಮವರು ಎಡವುವುದು. ಈ ಆದೇಶವು ಡಿಸ್ಕಿನ ಮೊದಲ ಅಂಚಿನಿಂದ ಕೊನೆಯ ಅಂಚಿನವರೆಗೆ, ಖಾಲಿ ಜಾಗವನ್ನೂ ಬಿಡದೆ, ಪ್ರತಿಯೊಂದು ಭಾಗವನ್ನೂ ಓದಿಸುತ್ತದೆ. ಓದಲಾಗದ ಕಡೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮೇಲಾಗಿ ಫೈಲುಗಳ ಪಟ್ಟಿಯನ್ನು ಅದೇ ಡಿಸ್ಕಿನ ಮೇಲೆ ತಿದ್ದಿ ಬರೆಯುತ್ತದೆ. ಕಾಲು ಉಳುಕಿದ ಎತ್ತಿಗೆ ಇಡೀ ಹೊಲ ಉಳಿಸಿ ನೋಡಿದಂತೆ. ಬೆಳಿಗ್ಗೆ ಪರದೆಯ ಮೇಲೆ ಪರೀಕ್ಷೆ ಅರ್ಧದಲ್ಲೇ ನಿಂತಿತ್ತು, ಟಕ್ ಟಕ್ ಸದ್ದು ಎಡೆಬಿಡದೆ ಕೇಳುತ್ತಿತ್ತು.

ಆಗ ಮಿತ್ರರು ನನಗೆ ಫೋನು ಮಾಡಿದರು. ಕಂಪ್ಯೂಟರ್ ಆರಿಸಿಡಲು ಹೇಳಿ, ಈ ಕೆಲಸ ಬಲ್ಲ ಒಬ್ಬರನ್ನು ಕರೆದುಕೊಂಡು ಹೋದೆ. ಅವರು ಡಿಸ್ಕನ್ನು ಕಳಚಿ ಲಿನಕ್ಸ್ ಇದ್ದ ಬೇರೊಂದು ಕಂಪ್ಯೂಟರಿಗೆ ಜೋಡಿಸಿದರು, ಅದರೊಳಗಿನ ಫೈಲುಗಳನ್ನು ತೆರೆಯಲು ಹೋಗಲಿಲ್ಲ. ಅಷ್ಟೇ ದೊಡ್ಡದಾದ ಹೊಸ ಡಿಸ್ಕಿನ ಮೇಲೆ ಹಳೆಯದರ ಪೂರ್ಣ ಪ್ರತಿಬಿಂಬವನ್ನು ಇಳಿಸಿದರು. ನಿಮ್ಮ ತಂತ್ರಜ್ಞರಿಗೆ ತೋರಿಸಲು ಅನುಕೂಲವಾಗಲೆಂದು ಆದೇಶಗಳನ್ನು ಕೊಟ್ಟಿದ್ದೇನೆ. ಮೊದಲ ಹೆಸರು ಕೆಟ್ಟ ಡಿಸ್ಕಿನದು, ಎರಡನೆಯದು ಹೊಸದರದು. ಇವು ಅದಲುಬದಲಾದರೆ ಇದ್ದುದೂ ಅಳಿಸಿಹೋಗುತ್ತದೆ.

```
ddrescue -f -n /dev/sdb /dev/sdc rescue.map
ddrescue -f -d -r3 /dev/sdb /dev/sdc rescue.map
```

ಮೊದಲ ಸಾಲು ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ತೊಡಕಿನ ಜಾಗಗಳನ್ನು ಹಾರಿ ಮುಂದೆ ಹೋಗುತ್ತದೆ. ಎರಡನೆಯದು ಬಿಟ್ಟುಹೋದ ಜಾಗಗಳಿಗೆ ಮಾತ್ರ ಮರಳಿ, ಮೂರು ಸಲ ಪ್ರಯತ್ನಿಸಿ ಬಿಡುತ್ತದೆ. ಯಾವುದು ಬಂತು, ಯಾವುದು ಬಾಕಿ ಎಂಬ ಲೆಕ್ಕ ಕೊನೆಯ ಫೈಲಿನಲ್ಲಿರುತ್ತದೆ. ಹಾಗಾಗಿ ನಡುವೆ ನಿಲ್ಲಿಸಿದರೂ ಮಾಡಿದ ಕೆಲಸ ವ್ಯರ್ಥವಾಗುವುದಿಲ್ಲ. ಆರೋಗ್ಯವಂತ ಡಿಸ್ಕು ಸೆಕೆಂಡಿಗೆ 100 ಎಂಬಿ ಓದಿದರೆ 500 ಜಿಬಿಗೆ ಒಂದೂವರೆ ಗಂಟೆಯೂ ಬೇಡ. ಇಲ್ಲಿ ಹನ್ನೊಂದು ಗಂಟೆ ಹಿಡಿಯಿತು. ಕೊನೆಗೆ ಬಾರದೆ ಉಳಿದದ್ದು ಸುಮಾರು 200 ಎಂಬಿ, ಅಂದರೆ ಎರಡೂವರೆ ಸಾವಿರದಲ್ಲಿ ಒಂದು ಪಾಲು. ಅಲ್ಪವೆನಿಸಬಹುದು. ಆದರೆ ಆ ಪಾಲು ಯಾವ ಫೈಲಿನ ಮೇಲೆ ಬೀಳಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಟ್ಯಾಲಿಯ ಲೆಕ್ಕ ಉಳಿಯಿತು. ಸುಮಾರು 40 ಬಿಡಿಭಾಗಗಳ ಸಿಎನ್‌ಸಿ ಪ್ರೋಗ್ರಾಮುಗಳು ಹೋದವು. ಒಂದೊಂದನ್ನೂ ಮತ್ತೆ ಬರೆದು, ಯಂತ್ರದ ಮೇಲೆ ಮೊದಲ ತುಂಡು ಕಡೆದು ಅಳೆದು ನೋಡಲು ಅರ್ಧ ದಿನ. ಆ ವರ್ಷದ ಏಪ್ರಿಲ್ ಅವರಿಗೆ ಹೀಗೆಯೇ ಕಳೆಯಿತು. ಅದೇ `chkdsk` ಆದೇಶವನ್ನು ನಕಲಿನ ಮೇಲೆ ಕೊಟ್ಟಿದ್ದರೆ ಯಾವ ಅಪಾಯವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಆದುದರಿಂದ ನಾನು ಪಾಲಿಸುವ ಕ್ರಮ ಹೀಗಿದೆ. ಡಿಸ್ಕ್ ಆಗಾಗ ಟಕ್ ಎನ್ನುತ್ತಿದ್ದು ಫೈಲುಗಳು ಇನ್ನೂ ತೆರೆಯುತ್ತಿದ್ದರೆ, ಅಂದೇ, ಬೇರೆಲ್ಲ ಕೆಲಸ ನಿಲ್ಲಿಸಿ, ಮತ್ತೆ ತಯಾರಿಸಲಾಗದುದನ್ನು ಮೊದಲು ನಕಲಿಸಬೇಕು: ಟ್ಯಾಲಿಯಲ್ಲಿ 10000, 10001 ಎಂಬಂತಹ ಸಂಖ್ಯೆಗಳ ಹೆಸರಿನಲ್ಲಿರುವ ಕಂಪನಿ ಫೋಲ್ಡರುಗಳು, ಡ್ರಾಯಿಂಗುಗಳು, ಪ್ರೋಗ್ರಾಮುಗಳು, ಇಮೇಲ್. ವಿಂಡೋಸ್, ತಂತ್ರಾಂಶಗಳು ಹೋದರೆ ಮತ್ತೆ ಹಾಕಿಕೊಳ್ಳಬಹುದು. ನಕಲಾದುದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡುವವರೆಗೆ ನಕಲಾಯಿತೆಂದು ಭಾವಿಸಬಾರದು. ಡಿಸ್ಕ್ ಲಯಬದ್ಧವಾಗಿ ಟಕ್ ಟಕ್ ಎನ್ನುತ್ತ ಕಂಪ್ಯೂಟರಿಗೆ ಕಾಣಿಸದೆಯೇ ಹೋದರೆ, ಅಥವಾ ಕೆರೆಯುವ ಸದ್ದು ಬಂದರೆ, ಒಡನೆ ಆರಿಸಬೇಕು; ನಕಲಿನ ಆಸೆಯನ್ನೂ ಬಿಡಬೇಕು. ಬ್ಯಾಕಪ್ ಇದ್ದರೆ ಡಿಸ್ಕ್ ಬದಲಾಯಿಸಿ ಮುಂದೆ ಸಾಗಬಹುದು. ಇಲ್ಲದಿದ್ದರೆ ಧೂಳುರಹಿತ ಕೊಠಡಿಯಲ್ಲಿ ಹೆಡ್ ಬದಲಿಸುವ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅದಕ್ಕೆ ಹತ್ತಾರು ಸಾವಿರ ರೂಪಾಯಿ ಆಗಬಹುದು, ಫಲದ ಖಾತರಿಯಿಲ್ಲ. ಡಿಸ್ಕನ್ನು ಫ್ರಿಜ್ಜಿನಲ್ಲಿಡುವುದು, ಬೆರಳಿನಿಂದ ತಟ್ಟುವುದು, ಸ್ಕ್ರೂ ಬಿಚ್ಚಿ ನೋಡುವುದು ಇವೆಲ್ಲ ಇದ್ದ ಅವಕಾಶವನ್ನೂ ಕಳೆಯುತ್ತವೆ.

ಎರಡು ಸಲ ಟಕ್ ಎಂದ ಮಾತ್ರಕ್ಕೆ ಡಿಸ್ಕ್ ಎಸೆಯಬೇಕೆ, ಅದರ ಆರೋಗ್ಯ ತೋರಿಸುವ ತಂತ್ರಾಂಶಗಳಿವೆಯಲ್ಲ ಎಂದು ಕೆಲವರು ಕೇಳಬಹುದು. ಹೌದು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಳದಿ ಬಣ್ಣದಲ್ಲಿ `Caution` ಎಂದು ತೋರಿಸಿದರೆ, ಅದರಲ್ಲೂ 05, C5, C6 ಎಂಬ ಸಾಲುಗಳ ಎಣಿಕೆ ಸೊನ್ನೆಗಿಂತ ಹೆಚ್ಚಿದ್ದರೆ, ಡಿಸ್ಕ್ ಬದಲಾಯಿಸಲು ಅದೇ ಸಾಕು. ಆದರೆ ಅದು 'ಚೆನ್ನಾಗಿದೆ' ಎಂದರೆ ನಂಬುವಂತಿಲ್ಲ. ಗೂಗಲ್ ಸಂಸ್ಥೆಯವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಇಂಥ ಮುಖ್ಯ ಸೂಚಕಗಳಲ್ಲಿ ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕುಗಳಾದರೋ, ದೋಷ ಕಾಣದವುಗಳಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಹೆಚ್ಚಿತ್ತು. ಕೆಲವೇ ಸಾವಿರ ರೂಪಾಯಿಯ ವಸ್ತುವಿಗಾಗಿ ಈ ಜೂಜು ಆಡುವುದು ವ್ಯಾಪಾರದ ಲೆಕ್ಕಕ್ಕೆ ಸರಿಹೊಂದುವುದಿಲ್ಲ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಡಿಸ್ಕ್ ಕೆಟ್ಟಿತೆಂಬ ಉತ್ತರವನ್ನು ಅಧಿಕಾರಿಗಳು ಒಪ್ಪುವರೆಂದು ನಾನಂತೂ ನೆಚ್ಚಲಾರೆ. ಇತ್ತೀಚಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ, ಆದ್ದರಿಂದ ಸದ್ದೂ ಇಲ್ಲ. ಅವು ಕೆಟ್ಟರೆ ಈ ಟಕ್ ಎಂಬ ಎಚ್ಚರಿಕೆಯೂ ಸಿಗದು.

ಬದಲಾಯಿಸಿದ ಹಳೆಯ ಡಿಸ್ಕಿನ ಬಗ್ಗೆ ಒಂದು ಮಾತು. ಫಾರ್ಮ್ಯಾಟ್ ಮಾಡಿದ ಮೇಲೆ ಸದ್ದು ನಿಂತಿತೆಂದು ಅದನ್ನು ಬ್ಯಾಕಪ್ಪಿಗೆಂದು ಕಪಾಟಿನಲ್ಲಿಡುವವರಿದ್ದಾರೆ, ಸಿಸಿಟಿವಿ ಪೆಟ್ಟಿಗೆಗೆ ಹಾಕುವವರೂ ಇದ್ದಾರೆ. ಎರಡೂ ತಪ್ಪು. ವಾರಂಟಿಯಿದ್ದರೆ ಕಂಪನಿಗೆ ಮರಳಿಸಬಹುದು. ಆದರೆ ಒಳಗಿನ ಲೆಕ್ಕಪತ್ರವೂ ಜೊತೆಗೇ ಹೋಗುತ್ತದೆ ಎಂಬುದು ನೆನಪಿರಲಿ. ನನ್ನ ಮಿತ್ರರು ತಮ್ಮದನ್ನು ಮರಳಿಸಲಿಲ್ಲ. ಶೆಡ್ಡಿನ ಡ್ರಿಲ್ಲಿಂಗ್ ಯಂತ್ರದ ಕೆಳಗಿಟ್ಟು, ತಟ್ಟೆಯ ಆರಪಾರ ನಾಲ್ಕು ತೂತು ಕೊರೆದು ಗುಜರಿಗೆ ಹಾಕಿದರು.