ಒಂದು ಕೊಡದ ನೀರು ಇನ್ನೊಂದು ಕೊಡಕ್ಕ

ದೀಪಾವಳಿ ಮುಗದ ಮ್ಯಾಲೆ ನಮ್ಮ ಮೈದುನ ಎರಡು ಬಿಲ್ ಹಿಡಕೊಂಡು ಅಡಗಿಮನಿಗೆ ಬಂದ. "ವೈನಿ, ಬಡ್ಡಿ ಕಡಿಮಿ ಆಗಲಿ ಅಂತ ಸಾಲ ಬ್ಯಾರೆ ಕಾರ್ಡಿಗೆ ಹಾಕಿದೆ. ಈಗ ನೋಡಿದ್ರ ಸಾಲನ ಹೆಚ್ಚಾಗೇದಲ್ರೀ" ಅಂದ. ಒಲಿ ಸಣ್ಣ ಮಾಡಿ ಇಬ್ಬರೂ ಲೆಕ್ಕಾ ಹಾಕಲಿಕ್ಕೆ ಕೂತ್ವಿ.

ಹಳೇ ಕಾರ್ಡಿನಾಗ 60,000 ರೂಪಾಯಿ ಬಾಕಿ ಇತ್ತು. ತಿಂಗಳಿಗೆ ಶೇ. 3.5 ಬಡ್ಡಿ ಅಂದ್ರ 2,100, ಅದರ ಮ್ಯಾಲೆ ಶೇ. 18ರ ಜಿಎಸ್‌ಟಿ 378. ಹೊಸ ಕಾರ್ಡಿನವರು ಆರು ತಿಂಗಳು ಶೇ. 1ರ ಬಡ್ಡಿ ಸಾಕು ಅಂದ್ರಂತ. ಅದು ಜಿಎಸ್‌ಟಿ ಸೇರಿ 708. ಬಾಕಿ ವರ್ಗಾ ಮಾಡಿದ್ದಕ್ಕ ಶೇ. 2ರ ಫೀ, ಜಿಎಸ್‌ಟಿ ಸೇರಿ 1,416, ಒಂದು ಸಲ ಮಾತ್ರ. ಮೊದಲನೇ ತಿಂಗಳದಾಗನ 1,770 ರೂಪಾಯಿ ಉಳೀತು, ಫೀ ಅಲ್ಲೇ ವಸೂಲಾತು. ಅಲ್ಲೀತನಕಾ ಅವ ಮಾಡಿದ್ದು ಶಾಣ್ಯಾತನಾನ.

ಎಡವಿದ್ದು ಆಮ್ಯಾಲೆ. ಬಡ್ಡಿ ಹಗುರಾತಂತ ಬಿಲ್ಲಿನಾಗ ಬರದಿದ್ದ "ಕನಿಷ್ಠ ಮೊತ್ತ" ಅಷ್ಟ ಕಟಗೋತ ಹೋದ. ಅದರಾಗ ಅಸಲಿಗೆ ಹೋಗೂದು ಬಾಕಿಯ ಶೇ. 5. ಮೊದಲ ತಿಂಗಳು 3,000, ಮುಂದ ಅದಕ್ಕಿಂತಾ ಕಡಿಮಿ. ಆರು ತಿಂಗಳದಾಗ ತೀರಬೇಕಂದ್ರ ತಿಂಗಳಾ 10,000 ಅಸಲು ಹೋಗಬೇಕಿತ್ತು. ಅವಧಿ ಮುಗದಾಗ ಇನ್ನೂ ಸುಮಾರು 44,000 ಉಳದಿತ್ತು. ಏಳನೇ ತಿಂಗಳದಿಂದ ಅದಕ್ಕೂ ಶೇ. 3.5 ಬಡ್ಡಿ, ಅಂದ್ರ ಮತ್ತ ತಿಂಗಳಿಗೆ 1,800ರ ಮ್ಯಾಲೆ.

ಅದರ ಜೋಡಿ ಹಬ್ಬಕ್ಕ ಹೊಸ ಕಾರ್ಡಿನಾಗ 8,000 ರೂಪಾಯಿ ಬಟ್ಟಿ ತೊಗೊಂಡಿದ್ದ. ಬಿಲ್ ಬರೂತನಕಾ ಬಡ್ಡಿ ಇರೂದಿಲ್ಲಂತ ತಿಳಕೊಂಡಿದ್ದ. ಹಿಂದಿನ ಬಾಕಿ ಪೂರ್ತಿ ಕಟ್ಟದಿದ್ರ ಆ ಸವಲತ್ತು ಇರೂದಿಲ್ಲ. ತೊಗೊಂಡ ದಿನದಿಂದನ ಬಡ್ಡಿ ಸುರು, ಅದೂ ಶೇ. 1 ಅಲ್ಲ, ಪೂರ್ತಿ 3.5. ಸವಲತ್ತಿನ ದರ ವರ್ಗಾ ಮಾಡಿದ ಸಾಲಕ್ಕಷ್ಟ.

"ಮತ್ತ ಹಳೇ ಕಾರ್ಡು?" ಅಂದೆ. ಮುಖ ಕೆಳಗ ಹಾಕಿದ. ಸೊನ್ನೆ ಬಾಕಿ ಕಂಡ ಕೂಡಲೇ ಅದರಾಗೂ 18,000 ಉಡಾಯಿಸಿದ್ದ. ಮೂರೂ ಕೂಡಿಸಿದ್ರ 70,000. ಸುರುವಿಗೆ ಇದ್ದದ್ದು 60,000!

ನನ್ನ ಅಭಿಪ್ರಾಯ ಇಷ್ಟ: ಕಾರ್ಡ್ ಬದಲಿಸಿದ್ರ ಸಾಲ ತೀರೂದಿಲ್ಲ, ತೀರಿಸಲಿಕ್ಕೆ ಆರು ತಿಂಗಳ ಪುರಸತ್ತು ಸಿಗತದ, ಅಷ್ಟ. ಬಾಕಿಯ ಆರನೇ ಒಂದು ಪಾಲು ತಿಂಗಳಾ ಪಗಾರದಿಂದ ತಗದಿಡಲಿಕ್ಕೆ ಆಗದಿದ್ರ ಆ ಫಾರ್ಮಿಗೆ ಸಹಿ ಮಾಡಬ್ಯಾಡ್ರಿ. ಮಾಡಿದ್ರ ಹೊಸ ಕಾರ್ಡಿನಾಗ ಏನೂ ಕೊಳ್ಳಬ್ಯಾಡ್ರಿ. ಹಳೇ ಕಾರ್ಡಿಗೆ ಇನ್ನೊಂದು ಸಣ್ಣ ಬಿಲ್ ಬರಬಹುದು, ರೊಕ್ಕ ಜಮಾ ಆಗೂತನಕದ ಬಡ್ಡಿ ಅದು. ಅದನ್ನೂ ಕಟ್ಟಿ ಕಾರ್ಡ್ ಮುಚ್ಚರಿ ಅಂತ ಬರದು ಕೊಡ್ರಿ. ಬಾಕಿ ಇರದಿದ್ರ ಏಳು ಕೆಲಸದ ದಿನದಾಗ ಮುಚ್ಚಬೇಕಂತ ರಿಸರ್ವ್ ಬ್ಯಾಂಕಿನ ನಿಯಮಾನ ಅದ.

ನಮ್ಮ ಮೈದುನ ಈಗ ಎರಡೂ ಕಾರ್ಡು ನನ್ನ ಸಾಸಿವಿ ಡಬ್ಬಿಯೊಳಗ ಇಟ್ಟಾನ. ಒಗ್ಗರಣಿ ಹಾಕೂವಾಗೊಮ್ಮೆ ಅವು ಕಾಣತಾವ.