ಹತ್ತು ವರ್ಷ ಒಂದೇ ಕುರ್ಚಿ: ಬುದ್ಧಿ ಹೇಳುವವರಿಗೆ ಒಂದು ಉತ್ತರ

ಮೊನ್ನೆ ಕಾಲೇಜಿನ ಗೆಳೆಯರೆಲ್ಲ ಗಾಂಧಿಬಜಾರಿನಲ್ಲಿ ಸೇರಿದ್ದೆವು. ದೋಸೆ ಬರೋದ್ರೊಳಗೆ ಮಾತು ಎಂದಿನಂತೆ ಕಂಪನಿ, ಹೈಕು, ಆಫರ್ ಲೆಟರ್ ಕಡೆ ಹೊರಳಿತು. ಒಬ್ಬ ಹೇಳಿದ, "ಒಂದೇ ಕಂಪನೀಲಿ, ಒಂದೇ ರೋಲ್‌ನಲ್ಲಿ ಹತ್ತು ವರ್ಷ ಇದಾನೆ ಅಂದ್ರೆ ಅವನಲ್ಲೇ ಏನೋ ಐಬಿದೆ ಅಂತ ಅರ್ಥ ಕಣೋ." ಎಲ್ಲರೂ ತಲೆಯಾಡಿಸಿದರು. ಎರಡು ವರ್ಷದ ಹಿಂದಾಗಿದ್ರೆ ನಾನೂ ಆಡಿಸ್ತಿದ್ದೆ. ಆವತ್ತು ಆಡಿಸಲಿಲ್ಲ. ಯಾಕೆ ಅಂತ ಅಲ್ಲಿ ಸರಿಯಾಗಿ ಹೇಳೋಕಾಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ನಮ್ಮ ಟೀಮಿನಲ್ಲಿ ಒಬ್ಬರಿದ್ದರು. ಹೆಸರು ಬೇಡ, ನಾವೆಲ್ಲ ಮೇಷ್ಟ್ರು ಅಂತಲೇ ಕರೀತಿದ್ವಿ. ಟೆಕ್ ಲೀಡ್ ಆಗಿ ಸೇರಿದವರು ಹತ್ತು ವರ್ಷ ಆದಮೇಲೂ ಟೆಕ್ ಲೀಡೇ. ನಾನು ಫ್ರೆಶರ್ ಆಗಿ ಸೇರಿದಾಗ ನನಗೆ ಕೆಲಸ ಕಲಿಸಿದವರು. ಒಂದಿನ ಕಾಫಿ ಮೆಷಿನ್ ಹತ್ರ ತಮಾಷೆಗೆ, "ಏನ್ ಮೇಷ್ಟ್ರೇ, ಇನ್ನೂ ಇಲ್ಲೇ ಇದೀರಾ?" ಅಂದೆ. ಅವರು ನಕ್ಕರು. ಅಂದು ಸಂಜೆ ಮನೆಗೆ ಹೋಗ್ತಾ ಲೆಕ್ಕ ಹಾಕಿದ್ರೆ, ನನಗೂ ಅದೇ ರೋಲ್‌ನಲ್ಲಿ ಐದು ವರ್ಷ ತುಂಬಿತ್ತು. ನಗು ಅಲ್ಲಿಗೇ ನಿಂತುಹೋಯ್ತು.

ಮೊದಲು ಈ 'ಐಬು' ಎಲ್ಲಿದೆ ನೋಡೋಣ. ನಮ್ಮ ಪ್ರಾಜೆಕ್ಟಿನಲ್ಲಿ ಆಗ 64 ಜನ. ಅದರಲ್ಲಿ ಲೀಡ್‌ಗಳು ಎಂಟು, ಆರ್ಕಿಟೆಕ್ಟ್ ಒಬ್ಬರು, ಮ್ಯಾನೇಜರ್ ಒಬ್ಬರು. ಎಂಟೂ ಜನ ಚಿನ್ನದಂಥವರೇ ಆಗಿದ್ರೂ ಮೇಲಿರೋದು ಒಂದೇ ಆರ್ಕಿಟೆಕ್ಟ್ ಕುರ್ಚಿ, ಅದರಲ್ಲಿ ಕೂತವರು ಎದ್ದು ಹೋಗೋ ಸೂಚನೆಯೂ ಇರಲಿಲ್ಲ. ಇನ್ನೊಂದು ವಿಷಯ ಇದೆ, ಅದನ್ನ ಸರ್ವೀಸ್ ಕಂಪನಿಯಲ್ಲಿ ಇರುವವರೇ ಎಷ್ಟೋ ಜನ ಗಮನಿಸಿರಲ್ಲ. ಕ್ಲೈಂಟು ದುಡ್ಡು ಕೊಡೋದು ರೇಟ್ ಕಾರ್ಡ್ ಪ್ರಕಾರ, ಲೀಡ್‌ಗೆ ಗಂಟೆಗೆ ಇಷ್ಟು, ಆರ್ಕಿಟೆಕ್ಟ್‌ಗೆ ಇಷ್ಟು ಅಂತ. ಒಬ್ಬನೇ ಆರ್ಕಿಟೆಕ್ಟ್ ಸಾಕು ಅಂತ ಕ್ಲೈಂಟು ಹೇಳಿದ್ರೆ, ಮೇಷ್ಟ್ರಿಗೆ ಬಡ್ತಿ ಕೊಟ್ಟ ಮರುದಿನವೂ ಕಂಪನಿಗೆ ಬರೋದು ಲೀಡ್ ದುಡ್ಡೇ. ಸಂಬಳ ಹೆಚ್ಚಾಗುತ್ತೆ, ಬಿಲ್ ಹೆಚ್ಚಾಗಲ್ಲ. ಅಂಥ ಬಡ್ತಿಯನ್ನ ಯಾವ ಮ್ಯಾನೇಜರ್ ತಾನೇ ಕೊಡ್ತಾನೆ? ಅಪ್ರೈಸಲ್ ಫಾರ್ಮಲ್ಲಿ ಮಾತ್ರ "ಲೀಡರ್‌ಶಿಪ್ ಗುಣ ಇನ್ನಷ್ಟು ಬೆಳೆಯಬೇಕು" ಅಂತ ಬರೀತಾರೆ. ಲೆಕ್ಕದ ಸಮಸ್ಯೆಗೆ ಸ್ವಭಾವದ ಬಣ್ಣ!

ಇದು ಇವತ್ತಿನ ಸಮಸ್ಯೆಯೂ ಅಲ್ಲ. 1977ರಲ್ಲೇ ಫೆರೆನ್ಸ್, ಸ್ಟೋನರ್, ವಾರೆನ್ ಅನ್ನೋ ಮೂವರು ಇದರ ಮೇಲೆ ಒಂದು ಲೇಖನ ಬರೆದಿದ್ರು. ಅವರ ಪ್ರಕಾರ ಮುಂದಿನ ಬಡ್ತಿಯ ಸಾಧ್ಯತೆ ತೀರಾ ಕಮ್ಮಿ ಇರೋ ಹಂತವೇ ಪ್ಲೇಟೋ. ಕೆಲಸ ಬರದವನು ಅನ್ನೋ ಮಾತು ಆ ವ್ಯಾಖ್ಯಾನದಲ್ಲಿಲ್ಲ. ಚೆನ್ನಾಗಿ ಕೆಲಸ ಮಾಡ್ತಾ ಅಲ್ಲೇ ನಿಂತವರಿಗೂ, ಕೆಲಸವೂ ಕೆಟ್ಟು ನಿಂತವರಿಗೂ ಅವರು ಬೇರೆ ಬೇರೆ ಹೆಸರನ್ನೇ ಕೊಟ್ಟಿದ್ರು. 1986ರಲ್ಲಿ ಜೂಡಿತ್ ಬಾರ್ಡ್‌ವಿಕ್ ತಮ್ಮ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದರು: ಮೇಲೆ ಜಾಗ ಇಲ್ಲದೆ ನಿಲ್ಲೋದು ಒಂದು, ಮಾಡೋ ಕೆಲಸದಲ್ಲಿ ಕಲಿಯೋಕೆ ಏನೂ ಉಳಿಯದೆ ನಿಲ್ಲೋದು ಇನ್ನೊಂದು. ನಮ್ಮ ಬುದ್ಧಿವಂತರು ಇವೆರಡನ್ನೂ ಕಲಸಿ, ಎರಡಕ್ಕೂ "ಜಂಪ್ ಮಾಡು" ಅನ್ನೋ ಒಂದೇ ಗುಳಿಗೆ ಕೊಡ್ತಾರೆ.

ಮೇಷ್ಟ್ರು ಏನು ಮಾಡಿದ್ರು ಹೇಳ್ತೀನಿ ಕೇಳಿ. ನನ್ನ ಆ ಕೆಟ್ಟ ತಮಾಷೆ ಆಗಿ ಸ್ವಲ್ಪ ದಿನಕ್ಕೆ ಅವರೇ ಒಂದು ಹಾಳೆ ತೋರಿಸಿದ್ರು. ಕಳೆದ ಹನ್ನೆರಡು ತಿಂಗಳಲ್ಲಿ ಮಾಡಿದ ಮುಖ್ಯ ಕೆಲಸಗಳು ಹನ್ನೊಂದು. ಐದು ವರ್ಷದ ಹಿಂದಿನ ಅಪ್ರೈಸಲ್ ಫಾರ್ಮ್ ತೆಗೆದು ಪಕ್ಕಕ್ಕಿಟ್ಟಿದ್ರು. ಹನ್ನೊಂದರಲ್ಲಿ ಒಂಬತ್ತು ಅವೇ ಕೆಲಸಗಳು. "ನೋಡಯ್ಯಾ, ಕುರ್ಚಿ ಸಿಗಲಿಲ್ಲ ಅಂತ ನಾನು ಕೊರಗ್ತಿದ್ದೆ. ನಿಜವಾದ ಕಾಯಿಲೆ ಈ ಒಂಬತ್ತು" ಅಂದ್ರು.

ಆಮೇಲೆ ಮ್ಯಾನೇಜರ್ ಹತ್ರ ಹೋದ್ರು. "ನನಗೆ ಬಡ್ತಿ ಯಾವಾಗ" ಅಂತ ಕೇಳಲಿಲ್ಲ, ಅದಕ್ಕೆ "ಮುಂದಿನ ಸಲ ನೋಡೋಣ" ಅನ್ನೋ ಉತ್ತರ ರೆಡಿ ಇರುತ್ತೆ. ಅವರು ಕೇಳಿದ್ದು, "ಮುಂದಿನ ಹದಿನೆಂಟು ತಿಂಗಳಲ್ಲಿ ಈ ಅಕೌಂಟಿನಲ್ಲಿ ಎರಡನೇ ಆರ್ಕಿಟೆಕ್ಟ್‌ಗೆ ಕ್ಲೈಂಟು ದುಡ್ಡು ಕೊಡ್ತಾರಾ?" ಇದಕ್ಕೆ ಹೌದು ಅಥವಾ ಇಲ್ಲ ಅಂತಲೇ ಹೇಳಬೇಕು. ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದು "ಇಲ್ಲ" ಅಂದ್ರು. ಹತ್ತು ವರ್ಷದಲ್ಲಿ ಸಿಕ್ಕ ಮೊದಲ ನಿಜವಾದ ಉತ್ತರ ಅದು.

ಹಾಗಾದ್ರೆ ಬೇರೆ ಅಕೌಂಟಿಗೆ ಹೋಗಬಹುದಲ್ವಾ? ಹೋಗೋಕೆ ಬಿಡಬೇಕಲ್ಲ! ಅಲ್ಲೇ ಇದ್ದದ್ದು ದೊಡ್ಡ ಬೀಗ. ನಮ್ಮದು ಬ್ಯಾಂಕೊಂದರ ರಾತ್ರಿ ಬ್ಯಾಚ್. ದಿನದ ವ್ಯವಹಾರ ಮುಗಿದಮೇಲೆ ಸಾಲಾಗಿ ಓಡುವ ಹನ್ನೆರಡು ಹಂತಗಳು. ಆರನೇ ಹಂತದಲ್ಲಿ ಖಾತೆಗಳಿಗೆ ಬಡ್ಡಿ ಜಮಾ ಆಗುತ್ತೆ. ಎಂಟನೆಯದರಲ್ಲಿ ನಿಂತುಹೋದ್ರೆ ಮೊದಲಿಂದ ಓಡಿಸೋ ಹಾಗಿಲ್ಲ, ಓಡಿಸಿದ್ರೆ ಬಡ್ಡಿ ಎರಡು ಸಲ ಬೀಳುತ್ತೆ. ಏಳರಿಂದಲೇ ಶುರು ಮಾಡಬೇಕು, ಅದಕ್ಕೂ ಮುಂಚೆ ಒಂದು ಟೇಬಲ್‌ನಲ್ಲಿ ಗುರುತು ಬದಲಿಸಬೇಕು. ಇಂಥದ್ದೆಲ್ಲ ಇದ್ದದ್ದು ಮೇಷ್ಟ್ರ ತಲೆಯಲ್ಲಿ ಮಾತ್ರ. ರಾತ್ರಿ ಎರಡು ಗಂಟೆಗೆ ಫೋನ್ ಬರೋದು, ಅವರು ನಿದ್ದೆಗಣ್ಣಲ್ಲೇ ಹೇಳೋರು. "ನೀವಿಲ್ದೇ ಇದು ನಡೆಯಲ್ಲ" ಅಂತ ಮ್ಯಾನೇಜರ್ ಹೊಗಳೋರು. ಆ ಹೊಗಳಿಕೆಯ ಅರ್ಥ "ನಿಮ್ಮನ್ನ ಇಲ್ಲಿಂದ ಬಿಡಲ್ಲ" ಅಂತ ಅವರಿಗೆ ಹೊಳೆಯೋಕೆ ಹತ್ತು ವರ್ಷ ಬೇಕಾಯ್ತು.

ಆರು ತಿಂಗಳು ಅವರು ಆ ಬೀಗ ಬಿಚ್ಚೋ ಕೆಲಸ ಮಾಡಿದ್ರು. ಪ್ರತಿ ಸಮಸ್ಯೆ ಬಗೆಹರಿದ ಮರುದಿನ ಬೆಳಿಗ್ಗೆ ಅದನ್ನ ಬರೆದಿಡೋದು: ಯಾವ ಹಂತ, ಪರದೆ ಮೇಲೆ ಏನು ಕಂಡಿತು, ಏನು ನೋಡಬೇಕು, ಏನು ಮಾಡಬಾರದು. ನಾನೂ ಇನ್ನೊಬ್ಬಳೂ ರಾತ್ರಿ ಪಾಳಿ ಹಂಚಿಕೊಂಡ್ವಿ. ಮೊದಲ ಎರಡು ತಿಂಗಳು ಅವರು ಪಕ್ಕದಲ್ಲಿ ಕೂರೋರು, ಆದ್ರೆ ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಕೊನೆಗೆ ಎರಡು ವಾರ ರಜೆ ಹಾಕಿ ಊರಿಗೆ ಹೋದ್ರು, ಫೋನ್ ಆಫ್.

ಆ ಎರಡು ವಾರದಲ್ಲಿ ಮೂರು ಸಲ ಬ್ಯಾಚ್ ನಿಂತಿತು. ಎರಡನ್ನ ಅವರು ಬರೆದಿಟ್ಟಿದ್ದು ನೋಡಿಕೊಂಡು ನಾವೇ ಸರಿ ಮಾಡಿದ್ವಿ. ಮೂರನೆಯದು ತಿಂಗಳ ಕೊನೆಯ ದಿನ ಭಾನುವಾರ ಬಿದ್ದಾಗ ಆಗೋ ತೊಂದರೆ. ಅದನ್ನ ಬರೆಯೋದು ಬಿಟ್ಟುಹೋಗಿತ್ತು, ನಾವು ಬೆಳಗಿನ ಜಾವ ಐದರವರೆಗೆ ಒದ್ದಾಡಿದ್ವಿ. ಬಂದಮೇಲೆ ಅವರು ಮೊದಲು ಮಾಡಿದ ಕೆಲಸ ಅದನ್ನ ಬರೆದಿದ್ದು, ಎರಡನೇ ಕೆಲಸ ಕಂಪನಿಯೊಳಗಿನ ಖಾಲಿ ಹುದ್ದೆಗಳ ಪಟ್ಟಿ ತೆಗೆದು ಪೇಮೆಂಟ್ ಟೀಮೊಂದಕ್ಕೆ ಅರ್ಜಿ ಹಾಕಿದ್ದು. ಮ್ಯಾನೇಜರ್ ಹತ್ರ ಬೇಡ ಅನ್ನೋಕೆ ಈಗ ಕಾರಣ ಉಳಿದಿರಲಿಲ್ಲ.

ಅದೇ ಗ್ರೇಡು, ಅದೇ ಸಂಬಳ. ಹಾಗಾದ್ರೆ ಏನು ಸಾಧಿಸಿದ ಹಾಗಾಯ್ತು ಅಂತೀರಾ? ಈ ವರ್ಷ ಅದೇ ಹಾಳೆ ಮತ್ತೆ ತೋರಿಸಿದ್ರು. ಹತ್ತು ಕೆಲಸ, ಅದರಲ್ಲಿ ಏಳು ಹೊಸವು. ರಾತ್ರಿ ಫೋನ್ ಬರಲ್ಲ.

"ಆದ್ರೂ ಹೊರಗೆ ಹೋಗಿದ್ರೆ ದುಡ್ಡು ಹೆಚ್ಚು ಬರ್ತಿತ್ತಲ್ಲ?" ಹೌದು, ಬರ್ತಿತ್ತು. ಇದನ್ನ ಮುಚ್ಚಿಡಲ್ಲ. ಹೊರಗಿಂದ ಬರೋರಿಗೆ ಕೊಡೋ ಸಂಬಳ ಒಳಗೇ ಇರೋರಿಗೆ ಸಿಗೋದು ಕಷ್ಟ. ಮೇಷ್ಟ್ರು ವರ್ಷಕ್ಕೊಂದು ಸಲ ಹೊರಗೆ ಇಂಟರ್ವ್ಯೂ ಕೊಡ್ತಾರೆ, ಜ್ವರ ನೋಡಿಕೊಳ್ಳೋ ಹಾಗೆ. ವ್ಯತ್ಯಾಸ ಎಷ್ಟು ಅಂತ ಗೊತ್ತಿದ್ದೇ ಅವರು ಇಲ್ಲಿದ್ದಾರೆ, ಮಗಳ ಶಾಲೆ, ವಯಸ್ಸಾದ ತಂದೆ, ಆಫೀಸಿಂದ ಎರಡು ಕಿಲೋಮೀಟರ್ ದೂರದ ಮನೆ ಎಲ್ಲಾ ತೂಗಿ ನೋಡಿ. ಆ ತಕ್ಕಡಿ ಅವರದ್ದು. ದೋಸೆ ತಿನ್ನೋ ನಮ್ಮದಲ್ಲ.

ಹಾಗಂತ "ಇದ್ದಲ್ಲೇ ಇರು, ಗ್ರಾಚುಟಿ ಹೋಗುತ್ತೆ" ಅನ್ನೋ ಹಿರಿಯರ ಮಾತನ್ನೂ ನಾನು ಒಪ್ಪಲ್ಲ. ಐದು ವರ್ಷ ತುಂಬಿದಮೇಲೆ ಬಿಟ್ಟರೆ ಗ್ರಾಚುಟಿ ಹೋಗಲ್ಲ, ಕೈಗೆ ಬರುತ್ತೆ. ಕೊನೆಯ ತಿಂಗಳ ವೇತನವನ್ನ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸರ್ವೀಸಿನ ವರ್ಷಗಳಿಂದ ಗುಣಿಸಿ. ಲೆಕ್ಕಕ್ಕೆ ಬರೋ ವೇತನ 52,000 ಆದ್ರೆ ಹತ್ತು ವರ್ಷಕ್ಕೆ ಮೂರು ಲಕ್ಷ. ಇನ್ನೊಂದು ವರ್ಷ ಕೂತರೆ ಸೇರೋದು ಮೂವತ್ತು ಸಾವಿರ. ಅಷ್ಟಕ್ಕೆ ಒಂದು ವರ್ಷದ ಆಯಸ್ಸು ಕೊಡಬೇಕಾ? ಪಿಎಫ್ ಜೊತೆಗಿನ ಪಿಂಚಣಿಗೆ ಬೇಕಾದ ಹತ್ತು ವರ್ಷವೂ ಒಂದೇ ಕಂಪನಿಯಲ್ಲೇ ಆಗಬೇಕಂತಿಲ್ಲ, ದುಡ್ಡು ತೆಗೆಯದೆ ಖಾತೆ ವರ್ಗಾಯಿಸಿಕೊಂಡ್ರೆ ಹಿಂದಿನ ಸರ್ವೀಸೂ ಸೇರುತ್ತೆ. ಉಳಿಯೋಕೆ ಕಾರಣ ಇರಲಿ, ಭಯ ಬೇಡ.

ಮೇಷ್ಟ್ರ ದಾರಿ ಎಲ್ಲರಿಗೂ ಆಗಲ್ಲ ಅನ್ನೋದೂ ನಿಜ. ಒಂದೇ ಪ್ರಾಡಕ್ಟು, ಮೂವತ್ತು ಜನ ಇರೋ ಕಂಪನಿಯಲ್ಲಿ ಪಕ್ಕಕ್ಕೆ ಸರಿಯೋಕೆ ಜಾಗವೇ ಇರಲ್ಲ. ಬೀಗ ಬಿಚ್ಚಿಕೊಟ್ಟಮೇಲೂ ಮ್ಯಾನೇಜರ್ ಎರಡು ಸಲ "ಮುಂದಿನ ಸಲ" ಅಂದ್ರೆ, ಯಾವುದನ್ನೂ ಬರಹದಲ್ಲಿ ಕೊಡದಿದ್ರೆ, ಆಗ ಹೊರಡೋದೇ ಸರಿ. ತೊಂಬತ್ತು ದಿನದ ನೋಟಿಸ್ ಪೀರಿಯಡ್ ಲೆಕ್ಕ ಹಾಕಿಕೊಂಡು ಹೊರಡಿ. ಆದ್ರೆ ಒಂಬತ್ತು ಹಳೇ ಕೆಲಸಗಳನ್ನೇ ಹೊತ್ತುಕೊಂಡು ಹೊಸ ಕಂಪನಿಗೆ ಹೋದ್ರೆ ಅಲ್ಲಿ ಸಿಗೋದು ಹೊಸ ಐಡಿ ಕಾರ್ಡು, ಮತ್ತೊಂದು ರಾತ್ರಿ ಬ್ಯಾಚು.

ನನ್ನ ಹಾಳೆಯನ್ನೂ ಕಳೆದ ವಾರ ಬರೆದೆ. ಎಂಟರಲ್ಲಿ ಆರು ಹಳೇವು. ಮೇಷ್ಟ್ರು ಹೋದಮೇಲೆ ರಾತ್ರಿ ಎರಡು ಗಂಟೆಯ ಫೋನ್ ಬರ್ತಿರೋದು ಈಗ ನನಗೆ, "ನೀನಿಲ್ದಿದ್ರೆ ಕಷ್ಟ ಕಣಪ್ಪಾ" ಅಂತ ಮೊನ್ನೆ ಮ್ಯಾನೇಜರ್ ಬೆನ್ನೂ ತಟ್ಟಿದ್ರು. ಸೋಮವಾರದಿಂದ ಹೊಸ ಹುಡುಗನೊಬ್ಬನನ್ನ ಪಕ್ಕದಲ್ಲಿ ಕೂರಿಸಿಕೊಳ್ತಿದೀನಿ.

ನಿಮ್ಮ ಹಾಳೆಯಲ್ಲಿ ಎಷ್ಟು ಹಳೇವು? ಬರೆದು ನೋಡಿ ತಿಳಿಸಿ. ಮೇಷ್ಟ್ರಂಥವರನ್ನ ಕಂಡು ನಗೋದಾದ್ರೆ ಆಮೇಲೆ ನಗೋಣ.